ನಿಮ್ಮ ವಾಯ್ಸ್ ಕಟ್ ಆಗ್ತಿದೆ

ಶಿರಸಿ, ಸಾಗರ, ತೀರ್ಥಹಳ್ಳಿಯಂಥ ಊರುಗಳಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಮೀಟಿಂಗಿನಲ್ಲಿ ಪದೇ ಪದೇ ಕೇಳುವ ಮಾತು ಇದು: "ನಿಮ್ಮ ವಾಯ್ಸ್ ಕಟ್ ಆಗ್ತಿದೆ, ಇನ್ನೊಮ್ಮೆ ಹೇಳಿ." ಅವರಿಗೆ ಮಾತ್ರ ಉಳಿದವರೆಲ್ಲರ ದನಿ ಸ್ಪಷ್ಟವಾಗಿ ಕೇಳುತ್ತಿರುತ್ತದೆ, ಮುಖಗಳೂ ಚೆನ್ನಾಗಿ ಕಾಣುತ್ತಿರುತ್ತವೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 30-35 ಎಂಬಿಪಿಎಸ್ ಬರುತ್ತದೆ. ಒಂದು ವಿಡಿಯೋ ಕಾಲ್‌ಗೆ ಬೇಕಾದದ್ದು ಹೆಚ್ಚೆಂದರೆ ಎರಡು-ಮೂರು ಎಂಬಿಪಿಎಸ್. ಹಾಗಿದ್ದರೂ ದನಿ ಕಡಿಯುವುದೇಕೆ?

ಸ್ಪೀಡ್ ಟೆಸ್ಟಿನಲ್ಲಿ ದೊಡ್ಡದಾಗಿ ಕಾಣುವುದು ಡೌನ್‌ಲೋಡ್, ಅಂದರೆ ಟವರಿನಿಂದ ಫೋನಿಗೆ ಬರುವ ದಾರಿ. ನಮ್ಮ ದನಿ ಹೋಗುವುದು ಅಪ್‌ಲೋಡಿನಲ್ಲಿ, ಫೋನಿನಿಂದ ಟವರಿಗೆ. ಈ ಎರಡು ದಾರಿಗಳಿಗೆ ಸಮಾನ ಬಲವಿಲ್ಲ. ಟವರಿನ ಆಂಟೆನಾ ಹತ್ತಾರು ವಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸಬಲ್ಲದು. ಸಾಮಾನ್ಯ 4ಜಿ ಫೋನಿಗಿರುವ ಮಿತಿ 0.2 ವಾಟ್. ಜಾತ್ರೆಯ ಮೈಕಿನಲ್ಲಿ ಕೂಗಿದ್ದಕ್ಕೆ ದೂರದಲ್ಲಿ ನಿಂತವನು ಬರಿಗಂಟಲಲ್ಲಿ ಉತ್ತರ ಕೊಟ್ಟ ಹಾಗೆ. ಟವರ್ ಹತ್ತಿರವಿದ್ದರೆ ಇದು ಗೊತ್ತಾಗುವುದೇ ಇಲ್ಲ. ನಡುವೆ ಗುಡ್ಡ, ಅಡಿಕೆ ತೋಟ, ದಪ್ಪ ಮಣ್ಣಿನ ಗೋಡೆ ಬಂದಾಗ ಮೊದಲು ಸೋಲುವುದು ಅಪ್‌ಲೋಡ್. ಯೂಟ್ಯೂಬ್ ಸಲೀಸಾಗಿ ಓಡುವ ಮನೆಯಲ್ಲೇ ಮೀಟಿಂಗ್ ಕೆಡುವುದು ಇದೇ ಕಾರಣಕ್ಕೆ.

ಟವರಿಗೆ ಇನ್ನೂ ಒಂದು ಮಿತಿಯಿದೆ. ಅದರ ಒಟ್ಟು ಸಾಮರ್ಥ್ಯವನ್ನು ಆ ಹೊತ್ತಿನಲ್ಲಿ ಬಳಸುತ್ತಿರುವವರೆಲ್ಲ ಹಂಚಿಕೊಳ್ಳಬೇಕು. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿದ್ದ ಲೈನ್ ಸಂಜೆ ಏಳರ ನಂತರ, ಊರೆಲ್ಲ ಮನೆಗೆ ಬಂದು ಫೋನ್ ಹಿಡಿದಾಗ, ಎಳೆದಾಡತೊಡಗುತ್ತದೆ. ಅಮೆರಿಕದ ಗ್ರಾಹಕರ ಜೊತೆ ರಾತ್ರಿ ಮೀಟಿಂಗ್ ಇರುವವರಿಗೆ ಸರಿಯಾಗಿ ಅದೇ ಹೊತ್ತು ಬೇಕು.

ಇಂಥ ಎಳೆದಾಟ ಸ್ಪೀಡ್ ಟೆಸ್ಟಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಏಕೆಂದರೆ ಅದು ಕೆಲವೇ ಸೆಕೆಂಡುಗಳ ಲೆಕ್ಕ. ಫೈಲ್ ಡೌನ್‌ಲೋಡ್ ಆಗುವಾಗ ಒಂದು ತುಣುಕು ಅರ್ಧ ಸೆಕೆಂಡ್ ತಡವಾಗಿ ಬಂದರೂ ಏನೂ ನಷ್ಟವಿಲ್ಲ. ಮಾತು ಹಾಗಲ್ಲ. ತಡವಾಗಿ ಬಂದ ದನಿಯ ತುಣುಕನ್ನು ಮೀಟಿಂಗ್ ಆಪ್ ಎಸೆದುಬಿಡುತ್ತದೆ. ಕೇಳುವವರಿಗೆ ಅಲ್ಲೊಂದು ತೂತು. ಹಾಗಾಗಿ ಮನೆಯ ಲೈನ್ ಮೀಟಿಂಗಿಗೆ ತಕ್ಕದ್ದೇ ಎಂದು ತಿಳಿಯಲು ವೇಗಕ್ಕಿಂತ ಅದರ ನಿಲುವನ್ನು ನೋಡಬೇಕು. ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್ ತೆರೆದು ಇಷ್ಟು ಟೈಪ್ ಮಾಡಿದರೆ ಸಾಕು:

```
ping -n 100 8.8.8.8
```

ಗೂಗಲ್‌ನ ಸರ್ವರಿಗೆ ನೂರು ಸಲ ಸಣ್ಣ ಸಂದೇಶ ಹೋಗಿ ಮರಳಿ ಬರುತ್ತದೆ. ಪ್ರತಿ ಸಾಲಿನ ಕೊನೆಯ ಕಡೆ ಅದಕ್ಕೆ ಹಿಡಿದ ಸಮಯ ಮಿಲಿಸೆಕೆಂಡಿನಲ್ಲಿ ಇರುತ್ತದೆ. ಒಳ್ಳೆಯ ಫೈಬರ್‌ನಲ್ಲಿ ಅದು 20, 21, 20, 23 ಎಂದು ಒಂದೇ ಮಟ್ಟದಲ್ಲಿ ಸಾಗುತ್ತದೆ. ದಣಿದ ಹಾಟ್‌ಸ್ಪಾಟಿನಲ್ಲಿ 55, 70, 340, 62 ಎಂದು ಕುಣಿಯುತ್ತದೆ, ನಡುನಡುವೆ Request timed out ಎಂಬ ಸಾಲೂ ಬರುತ್ತದೆ. ನೂರರಲ್ಲಿ ಮೂರು-ನಾಲ್ಕು ಅಂಥ ಸಾಲು ಕಂಡರೆ ಆ ಲೈನಿನಲ್ಲಿ ಮಾತು ಕಡಿಯುವುದು ಬಹುಮಟ್ಟಿಗೆ ಖಚಿತ. ಈ ಪರೀಕ್ಷೆಯನ್ನು ನಿಮಗೆ ಮೀಟಿಂಗ್ ಇರುವ ಹೊತ್ತಿನಲ್ಲೇ ಮಾಡಬೇಕು. ಫೈಬರ್ ಇರುವ ಮನೆಯಲ್ಲೂ ಅಂಕಿ ಕುಣಿದರೆ 8.8.8.8 ಬದಲು ರೂಟರಿನ ವಿಳಾಸ (ಹಲವು ಮನೆಗಳಲ್ಲಿ 192.168.1.1) ಹಾಕಿ ನೋಡಿ. ಅಲ್ಲೂ ಕುಣಿದರೆ ತಪ್ಪು ಲೈನಿನದ್ದಲ್ಲ, ಮನೆಯೊಳಗಿನ ವೈಫೈಯದ್ದು. ಮಣ್ಣಿನ ಗೋಡೆಯ ಹಳೇ ಮನೆಯಲ್ಲಿ ಜಗುಲಿಯ ರೂಟರಿನಿಂದ ಮಹಡಿಯ ಕೋಣೆಗೆ ವೈಫೈ ಹತ್ತದಿರುವುದು ತೀರಾ ಸಾಮಾನ್ಯ. ಅಂಥ ಕಡೆ ಒಂದು ಲ್ಯಾನ್ ಕೇಬಲ್ ಎಳೆದರೆ ತೊಂದರೆ ಮುಗಿಯುತ್ತದೆ.

ಇನ್ನು ಡೇಟಾದ ಲೆಕ್ಕ. ವಿಡಿಯೋ ಕಾಲ್ ಬರುವ ಕಡೆ 1.5, ಹೋಗುವ ಕಡೆ 1.5 ಎಂಬಿಪಿಎಸ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು ಮೂರು. ಗಂಟೆಗೆ ಅದು ಸುಮಾರು 1.35 ಜಿಬಿ. ದಿನಕ್ಕೆ 2 ಜಿಬಿಯ ಪ್ಲಾನ್ ಒಂದೂವರೆ ಗಂಟೆಯ ಮೀಟಿಂಗಿಗೆ ಖಾಲಿ. ಆಮೇಲೆ ಹೆಚ್ಚಿನ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದರಲ್ಲಿ ವಾಟ್ಸಾಪಿನ ಸಂದೇಶ ಹೋದೀತು, ಮೀಟಿಂಗ್ ನಡೆಯದು. ಕ್ಯಾಮೆರಾ ಮುಚ್ಚಿ, ಬೇರೆಯವರ ವಿಡಿಯೋವನ್ನೂ ನಿಲ್ಲಿಸಿ ಬರೀ ದನಿಯಲ್ಲಿ ಕೂತರೆ ಗಂಟೆಗೆ ನೂರು ಎಂಬಿಯ ಆಸುಪಾಸಿನಲ್ಲಿ ಮುಗಿಸಬಹುದು. ಆದರೆ ಎಲ್ಲ ಮ್ಯಾನೇಜರುಗಳೂ ಅದಕ್ಕೆ ಒಪ್ಪುವುದಿಲ್ಲ.

ಇದರ ಜೊತೆಗೆ ಕಣ್ಣಿಗೆ ಕಾಣದ ಖರ್ಚೊಂದಿದೆ. ಹಾಟ್‌ಸ್ಪಾಟ್ ಕೂಡ ಲ್ಯಾಪ್‌ಟಾಪಿಗೆ ಕಾಣುವುದು ಒಂದು ವೈಫೈ ಆಗಿ. ಹಾಗಾಗಿ ಅದು ವಿಂಡೋಸ್ ಅಪ್‌ಡೇಟ್, ಕಂಪನಿಯ ಬ್ಯಾಕಪ್, ಫೋಟೋ ಸಿಂಕ್ ಎಲ್ಲವನ್ನೂ ಹಿಂದೆ ಶುರುಮಾಡಿಬಿಡಬಹುದು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕಾಫಿ ಕುಡಿದು ಬರುವಷ್ಟರಲ್ಲಿ ಒಂದು ಜಿಬಿ ಹೋಗಿರುವುದು ಹೀಗೆ. ವಿಂಡೋಸ್‌ನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಹಾಟ್‌ಸ್ಪಾಟಿನ ಹೆಸರು ಒತ್ತಿ Metered connection ಆನ್ ಮಾಡಿದರೆ ಇಂಥ ಸೋರಿಕೆ ಬಹಳಷ್ಟು ನಿಲ್ಲುತ್ತದೆ.

ಫೈಬರ್‌ನ ಲೆಕ್ಕ ಬೇರೆ. 30 ಎಂಬಿಪಿಎಸ್‌ನ ಆರಂಭಿಕ ಪ್ಲಾನ್‌ಗಳು ತಿಂಗಳಿಗೆ 400ರಿಂದ 500 ರೂಪಾಯಿಗೆ ಸಿಗುತ್ತವೆ, ಮೇಲೆ ಶೇ 18ರಷ್ಟು ಜಿಎಸ್‌ಟಿ. 399ರ ಪ್ಲಾನ್ ಎಂದರೆ ಕೈಯಿಂದ ಹೋಗುವುದು ಸುಮಾರು 471 ರೂಪಾಯಿ. ಇಂಥ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿಯಷ್ಟು ಮಿತಿ ಇರುವುದುಂಟು. ದಿನಕ್ಕೆ 2 ಜಿಬಿಯ ಸಿಮ್ ಪ್ಲಾನ್ 28 ದಿನಕ್ಕೆ ಕೊಡುವುದು 56 ಜಿಬಿ. ಮನೆಗೆ ಬರುವ ಗಾಜಿನ ಎಳೆಯಲ್ಲಿ ಒಂದು ಬಣ್ಣದ ಬೆಳಕು ಬರಲಿಕ್ಕೆ, ಇನ್ನೊಂದು ಹೋಗಲಿಕ್ಕೆ. ಗುಡ್ಡ, ಗೋಡೆ, ಸಿಡಿಲಿನ ಸದ್ದು ಯಾವುದೂ ಆ ಬೆಳಕಿಗೆ ಅಡ್ಡ ಬರುವುದಿಲ್ಲ. ಅಪ್‌ಲೋಡಿಗೂ ಸಾಕಷ್ಟು ಜಾಗವಿರುವುದರಿಂದ ದನಿ ಕಡಿಯುವ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ.

ಹಾಗಾದರೆ ಫೈಬರ್ ಹಾಕಿಸಿ ನಿಶ್ಚಿಂತರಾಗಬಹುದೇ? ಮಲೆನಾಡಿನಲ್ಲಿ ಇಲ್ಲ. ಸಣ್ಣ ಊರುಗಳಲ್ಲಿ ಕೊನೆಯ ಹಂತದ ಕೇಬಲನ್ನು ನೆಲದಡಿ ಹೂಳುವುದು ಕಡಿಮೆ. ಕರೆಂಟ್ ಕಂಬದಿಂದ ಕಂಬಕ್ಕೆ, ಕೆಲವು ಕಡೆ ಮರದಿಂದ ಮರಕ್ಕೆ ಕಟ್ಟುತ್ತಾರೆ. ಜುಲೈ ಗಾಳಿಗೆ ಒಂದು ಮರ ಬಿದ್ದರೆ ಕರೆಂಟ್ ತಂತಿಯ ಜೊತೆ ಫೈಬರ್ ಕೂಡ ಹೋಗುತ್ತದೆ. ಲೈನ್‌ಮನ್ ಬಂದು ಕರೆಂಟ್ ಸರಿಮಾಡಿದ ಮೇಲೂ ಇಂಟರ್‌ನೆಟ್ ಬರುವುದಿಲ್ಲ. ತಾಮ್ರದ ತಂತಿಯ ಹಾಗೆ ಫೈಬರನ್ನು ಕೈಯಲ್ಲಿ ಹೊಸೆದು ಸೇರಿಸಲಾಗುವುದಿಲ್ಲ. ಕೂದಲೆಳೆಯಷ್ಟು ಸಪುರವಾದ ಗಾಜಿನ ಎರಡು ತುದಿಗಳನ್ನು ಎದುರುಬದುರು ಇಟ್ಟು, ಸ್ಪ್ಲೈಸಿಂಗ್ ಮೆಷಿನ್ನಿನ ಕಿಡಿಯಲ್ಲಿ ಕರಗಿಸಿ ಬೆಸೆಯಬೇಕು. ದೊಡ್ಡ ಮಳೆಯ ಮರುದಿನ ತಾಲ್ಲೂಕಿನಲ್ಲಿ ಹತ್ತಾರು ಕಡೆ ಕೇಬಲ್ ಕಡಿದಿರುತ್ತದೆ, ಮೆಷಿನ್ನು ಮತ್ತು ಅದನ್ನು ಬಲ್ಲ ಹುಡುಗರು ಕೆಲವರೇ. ಎರಡು-ಮೂರು ದಿನ ಕಾಯಬೇಕಾಗುವುದು ಇದರಿಂದ.

ಏನು ಕೆಟ್ಟಿದೆ ಎಂದು ಮೋಡೆಮ್ಮಿನ ಲೈಟುಗಳೇ ಹೇಳುತ್ತವೆ. ಎಲ್‌ಒಎಸ್ ಎಂದು ಬರೆದಿರುವ ಕಡೆ ಕೆಂಪು ಲೈಟ್ ಮಿನುಗುತ್ತಿದ್ದರೆ ಬೆಳಕು ಮನೆಗೆ ಬರುತ್ತಿಲ್ಲ: ಕೇಬಲ್ ಕಡಿದಿದೆ, ಇಲ್ಲವೇ ಮನೆಯೊಳಗೇ ಎಲ್ಲೋ ಚೂಪಾಗಿ ಮಡಿಚಿದೆ. ಬೀರುವನ್ನು ಗೋಡೆಗೆ ಒತ್ತಿ ಸರಿಸಿದಾಗ ಹಿಂದಿದ್ದ ಕೇಬಲ್ ಮಡಿಚಿಹೋಗುವುದೂ ಉಂಟು. ಮೊದಲು ಅದನ್ನು ನೋಡಿ, ಆಮೇಲೆ ಕೇಬಲ್‌ನವರಿಗೆ ಫೋನ್ ಮಾಡಿ. ಕೆಂಪು ಲೈಟ್ ಇಲ್ಲ, ಪಾನ್ ಎಂಬ ಹಸಿರು ಲೈಟ್ ಗಟ್ಟಿಯಾಗಿ ಉರಿಯುತ್ತಿದೆ, ಆದರೂ ಇಂಟರ್‌ನೆಟ್ ಇಲ್ಲ ಎಂದರೆ ಮನೆವರೆಗಿನ ಕೇಬಲ್ ಸರಿಯಿದೆ; ತೊಂದರೆ ಮುಂದೆಲ್ಲೋ ಇದೆ, ಅಥವಾ ಪ್ಲಾನಿನ ಅವಧಿ ಮುಗಿದಿದೆ. "ನೆಟ್ ಬರ್ತಿಲ್ಲ" ಎನ್ನುವ ಬದಲು ಯಾವ ಲೈಟ್ ಹೇಗಿದೆ ಎಂದು ಹೇಳಿದರೆ ರಿಪೇರಿಗೆ ಬರುವವರು ಮೆಷಿನ್ ಹಿಡಿದುಕೊಂಡೇ ಬರುತ್ತಾರೆ. ಕಡಿದ ಕೇಬಲಿನ ತುದಿಯನ್ನು ಮಾತ್ರ ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣಿಸದ ಲೇಸರ್.

ಕೇಬಲ್ ಕಡಿಯುವುದಕ್ಕಿಂತ ಹೆಚ್ಚು ಸಲ ಆಗುವುದು ಬರೀ ಕರೆಂಟ್ ಹೋಗುವುದು. ಕಂಬದಿಂದ ಮನೆಗೆ ಬರುವ ಫೈಬರಿಗೆ ಕರೆಂಟ್ ಬೇಡ, ಮೋಡೆಮ್ಮಿಗೆ ಬೇಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರೂ ಮೀಟಿಂಗ್ ನಿಂತುಹೋಗುವುದು ಆ ಸಣ್ಣ ಡಬ್ಬಿ ಆರಿದ್ದರಿಂದ. ಸಾವಿರ, ಸಾವಿರದೈನೂರು ರೂಪಾಯಿಯ ರೂಟರ್ ಯುಪಿಎಸ್ ಅದನ್ನು ಮೂರು-ನಾಲ್ಕು ಗಂಟೆ ನಡೆಸುತ್ತದೆ. ಕೊಳ್ಳುವಾಗ ಮೋಡೆಮ್ಮಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಬೇಕು. 12 ವೋಲ್ಟ್ ಎಂದಿದ್ದರೆ ಯುಪಿಎಸ್ ಕೂಡ 12 ವೋಲ್ಟಿನದ್ದೇ ಆಗಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು.

ಹಾಟ್‌ಸ್ಪಾಟಿನ ನಿಜವಾದ ಜಾಗ ಇರುವುದು ಇಲ್ಲಿ, ಫೈಬರ್ ಕೈಕೊಟ್ಟ ದಿನಕ್ಕೆ. ಆದರೆ ಆ ಸಿಮ್ ಫೈಬರ್ ಕೊಟ್ಟ ಕಂಪನಿಯದ್ದೇ ಆಗಿರದಿದ್ದರೆ ಒಳ್ಳೆಯದು. ಊರಿನ ಟವರಿಗೂ ನಿಮ್ಮ ಮನೆಗೂ ಒಂದೇ ಮುಖ್ಯ ಕೇಬಲಿನಿಂದ ಇಂಟರ್‌ನೆಟ್ ಬರುತ್ತಿರಬಹುದು. ರಸ್ತೆ ಅಗಲ ಮಾಡುವ ಜೆಸಿಬಿ ಅದನ್ನು ಕಿತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ. ಬೇರೆ ಕಂಪನಿಯ ಸಿಮ್ ಇದ್ದರೂ ಎಲ್ಲರ ಕೇಬಲ್ ಒಂದೇ ಘಟ್ಟದ ರಸ್ತೆಯ ಪಕ್ಕ ಹೋಗಿದ್ದರೆ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಆದರೆ ಅಪಾಯ ಕಡಿಮೆಯಾಗುತ್ತದೆ. ಫೋನನ್ನು ಟವರಿನ ದಿಕ್ಕಿನ ಕಿಟಕಿಯಲ್ಲಿಟ್ಟು, ವೈಫೈ ಬದಲು ಯುಎಸ್‌ಬಿ ಕೇಬಲಿನಲ್ಲೇ ಲ್ಯಾಪ್‌ಟಾಪಿಗೆ ಜೋಡಿಸಿದರೆ ಲೈನ್ ಹೆಚ್ಚು ಗಟ್ಟಿ, ಫೋನಿನ ಬ್ಯಾಟರಿಯೂ ಬೇಗ ಇಳಿಯುವುದಿಲ್ಲ. ಎರಡು ಸಿಮ್ಮಿನ ಫೋನಾಗಿದ್ದರೆ ಇನ್ನೊಂದು ಸಿಮ್ಮಿಗೆ ಕರೆ ಬಂದಾಗ ಕೆಲವು ಫೋನುಗಳಲ್ಲಿ ಡೇಟಾ ನಿಲ್ಲುತ್ತದೆ. ಮುಖ್ಯ ಮೀಟಿಂಗಿಗೆ ಮೊದಲೇ ಒಮ್ಮೆ ಕರೆ ಮಾಡಿಸಿ ನೋಡಿಕೊಂಡಿರಬೇಕು. ಫೈಬರಿನಿಂದ ಹಾಟ್‌ಸ್ಪಾಟಿಗೆ ಹಾರುವಾಗ ಕಂಪನಿಯ ವಿಪಿಎನ್ ಕಡಿದು ಮತ್ತೆ ಲಾಗಿನ್ ಕೇಳುವುದೂ ಉಂಟು, ಅದಕ್ಕೆ ಒಂದೆರಡು ನಿಮಿಷ ಇಟ್ಟುಕೊಳ್ಳಬೇಕು.

ಹಾಟ್‌ಸ್ಪಾಟ್ ಒಂದೇ ಸಾಕು ಎನ್ನಬಹುದಾದವರೂ ಇದ್ದಾರೆ. ದಿನಕ್ಕೊಂದು ಸಣ್ಣ ಮೀಟಿಂಗ್, ಉಳಿದಂತೆ ಮೇಲ್, ಎಕ್ಸೆಲ್, ಬರವಣಿಗೆ; ಟವರ್ ಕಣ್ಣಿಗೆ ಕಾಣುವಷ್ಟು ಹತ್ತಿರ; ಊರಲ್ಲಿ ಇರುವುದು ಎರಡೇ ತಿಂಗಳು. ಅಂಥವರು ಫೈಬರಿಗೆ ಆರು ತಿಂಗಳ ಮುಂಗಡ ಕಟ್ಟಬೇಕಿಲ್ಲ. ಉಳಿದವರು ಫೈಬರ್ ಹಾಕಿಸುವ ಮೊದಲು ಕಂಪನಿಯ ಜಾಹೀರಾತು ನೋಡುವ ಬದಲು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುವುದು ಮೇಲು: ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಕೆಂಪು ಲೈಟ್ ಬಂತು, ಸರಿಮಾಡಲು ಎಷ್ಟು ದಿನ ಹಿಡಿಯಿತು, ಸ್ಪ್ಲೈಸಿಂಗ್ ಮೆಷಿನ್ ಊರಲ್ಲೇ ಇದೆಯೋ ಇಲ್ಲಾ ಜಿಲ್ಲಾ ಕೇಂದ್ರದಿಂದ ಬರಬೇಕೋ. ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ಕೇಬಲ್ ಇದ್ದರೆ, ಐವತ್ತು ರೂಪಾಯಿ ಹೆಚ್ಚಾದರೂ ಬೇಗ ರಿಪೇರಿ ಮಾಡಿಕೊಡುವವರ ಕೇಬಲನ್ನೇ ಹಾಕಿಸಿಕೊಳ್ಳಬೇಕು.