ತಂತಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ

ಕ್ಯಾಸಂಬಳ್ಳಿಯ ಅಣ್ಣಂದಿರೇ, ಅಕ್ಕಂದಿರೇ, ಹೊಲದ ದಾರೀಲಿ ತಂತಿ ಕಡಿದು ಬಿದ್ದಿದೆ. ಕಿಡಿ ಇಲ್ಲ, ಸದ್ದಿಲ್ಲ. ಹಾಗಂತ ಕರೆಂಟ್ ಇಲ್ಲ ಅಂದ್ಕೋಬೇಡಿ.

2023ರ ನವೆಂಬರ್ 19ರ ಬೆಳಗ್ಗೆ, ಬೆಂಗಳೂರಿನ ಹೋಪ್ ಫಾರ್ಮ್ ಹತ್ರ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಅವಳ ಕೈಲಿದ್ದ ಒಂಬತ್ತು ತಿಂಗಳ ಮಗು ಇಬ್ಬರೂ ತೀರಿಕೊಂಡರು. ಬಿಡಿಸೋಕೆ ಹೋದ ಗಂಡನಿಗೂ ಸುಟ್ಟಗಾಯ ಆಯ್ತು.

ಒಣ ನೆಲದಲ್ಲಿ ಕರೆಂಟ್ ಕಮ್ಮಿ ಹರಿಯುತ್ತೆ. ಅದಕ್ಕೇ ಎಷ್ಟೋ ಸಲ ಸಬ್‌ಸ್ಟೇಷನ್‌ನಲ್ಲಿ ಲೈನ್ ಟ್ರಿಪ್ ಆಗೋದೇ ಇಲ್ಲ. ಟ್ರಿಪ್ ಆದರೂ ಮತ್ತೆ ಚಾರ್ಜ್ ಮಾಡಬಹುದು. 11 ಸಾವಿರ ವೋಲ್ಟಿನ ತಂತಿ ಸುತ್ತಲ ನೆಲದಲ್ಲೂ ಕರೆಂಟ್ ಹರಡುತ್ತೆ. ಹತ್ತಿರ ವೋಲ್ಟೇಜ್ ಜಾಸ್ತಿ, ದೂರ ಹೋದಂತೆ ಕಮ್ಮಿ. ಕಾಲು ಅಗಲಿಸಿ ಹೆಜ್ಜೆ ಇಟ್ಟರೆ ಎರಡು ಪಾದದ ನಡುವಿನ ವ್ಯತ್ಯಾಸ ಮೈಯೊಳಗೆ ಹರಿಯುತ್ತೆ. ಹಸುವಿನ ಮುಂಗಾಲು, ಹಿಂಗಾಲಿನ ಅಂತರ ಇನ್ನೂ ದೊಡ್ಡದು, ಪಾಪ, ಅದಕ್ಕೆ ಅಪಾಯವೂ ಜಾಸ್ತಿ.

ಕನಿಷ್ಠ 35 ಅಡಿ ದೂರ ನಿಲ್ಲಿ. ಆಗಲೇ ಹತ್ತಿರ ಬಂದುಬಿಟ್ಟಿದ್ದರೆ ಪಾದ ಜೋಡಿಸಿ, ನೆಲದಿಂದ ಎತ್ತದೆ ಸವರುತ್ತಾ ಹಿಂದೆ ಸರಿಯಿರಿ. ಕೋಲಿನಿಂದ ತಂತಿ ತಳ್ಳಬೇಡಿ. ಈ ವೋಲ್ಟೇಜಿಗೆ ಒಣ ಕೋಲನ್ನೂ ನಂಬೋಕಾಗಲ್ಲ.

ರಸ್ತೆ ದಾಟೋ 11 ಸಾವಿರ ವೋಲ್ಟಿನ ತಂತಿ ಸುಮಾರು 20 ಅಡಿ ಎತ್ತರ ಇರಲೇಬೇಕು. ಹುಲ್ಲು ಹೇರಿದ ಟ್ರ್ಯಾಕ್ಟರ್‌ಗೆ ತಾಗೋ ಹಾಗೆ ಜೋತಿದ್ದರೆ ಅಳೆಯೋಕೆ ಹೋಗಬೇಡಿ, ದೂರದಿಂದಲೇ ಫೋಟೋ ತೆಗೆದು ಬೆಸ್ಕಾಂಗೆ ತಿಳಿಸಿ.

ಟಿಸಿಯಲ್ಲಿ ಫ್ಯೂಸ್ ಹೋದರೆ ನೀವೇ ಹಾಕಬೇಡಿ, ಲೈನ್‌ಮನ್ ಬರಲಿ. ಬೆಸ್ಕಾಂ ಸಹಾಯವಾಣಿ 1912. ಊರು, ಸರ್ವೆ ನಂಬರ್, ಹತ್ತಿರದ ಟಿಸಿ ಯಾವುದು ಅಂತ ಹೇಳಿ. ತಂತಿ ಬಿದ್ದಿದ್ದರೆ ಅವರು ಬರೋವರೆಗೂ ದಾರಿಯ ಎರಡೂ ಕಡೆ ದೂರದಲ್ಲೇ ಒಬ್ಬೊಬ್ಬರು ನಿಂತು ಜನ, ದನ ತಡೀರಿ.