ಹೆಣ್ಣಿನ ಅಣ್ಣ ಮಾತಿಗೆ ನಿಂತಾಗ

ವೈದಿಕ ಕ್ರಮದ ವಿವಾಹದಲ್ಲಿ ವಧುವಿನ ಸೋದರನಿಗೆ ಮೀಸಲಾದ ಕೆಲಸವೊಂದುಂಟು. ಲಾಜಹೋಮದ ಹೊತ್ತಿಗೆ ಅವನು ತಂಗಿಯ ಬೊಗಸೆಗೆ ಅರಳು ಸುರಿಯಬೇಕು. ಅವಳು ಅದನ್ನು ಅಗ್ನಿಗೆ ಅರ್ಪಿಸಬೇಕು. ಮೂರು ಸಲ ಹೀಗೆ ನಡೆದರೆ ಅವನ ಪಾತ್ರ ಮುಗಿಯಿತು. ಬಾಯಿ ಬಿಡುವ ಅವಕಾಶ ಅವನಿಗೆ ಅಲ್ಲಿಲ್ಲ, ಮಂತ್ರವೆಲ್ಲ ಪುರೋಹಿತರದು. ಆತನ ನಾಲಗೆಗೆ ಬಿಡುಗಡೆ ದೊರೆಯುವುದು ಆರತಕ್ಷತೆಯ ಸಂಜೆ, ಧ್ವನಿವರ್ಧಕವು ಕೈಗೆ ಬಂದಾಗ.

ಕಂಪ್ಲಿಯ ಹುಡುಗನಿಗೆ ಈ ಭಾಷಣಕ್ಕೆ ಬೇಕಾದ ಸಾಮಗ್ರಿಯನ್ನು ಊರೇ ಒದಗಿಸಿದೆ. ತುಂಗಭದ್ರೆಯ ಆಚೆಗೆ ಗಂಗಾವತಿಯ ಸೀಮೆ. ಈಚೆಯ ಹೆಣ್ಣನ್ನು ಆಚೆಗೆ, ಆಚೆಯ ಹೆಣ್ಣನ್ನು ಈಚೆಗೆ ತರುವುದು ಹೊಸತಲ್ಲ. ನಡುವಣ ಸೇತುವೆಯೋ, ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವ ಸ್ವಭಾವದ್ದು. ಇದಲ್ಲದೆ ಇದು ಕಂಪಿಲರಾಯನ ಹೆಸರು ಹೊತ್ತ ನಾಡು. 1327ರ ಸುಮಾರಿಗೆ ದೆಹಲಿಯ ಸೇನೆಗೆ ಎದುರಾಗಿ ಆ ರಾಜ್ಯ ಅಳಿಯಿತು. ಆದರೆ ಅವನ ಮಗ ಕುಮಾರರಾಮನು ಜನರ ನೆನಪಿನಲ್ಲಿ ‘ಪರನಾರೀ ಸೋದರ’ನಾಗಿ ಉಳಿದನು. ಅಣ್ಣನಾದವನಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಯಾವುದು? ಒಂದು ಎಚ್ಚರಿಕೆ ಮಾತ್ರ ಬೇಕು: ಬಿರುದನ್ನು ಹೇಳಬಹುದು, ಕಥೆಯನ್ನಲ್ಲ. ಮಲತಾಯಿ ರತ್ನಾಜಿಯ ಮೋಹ, ಅವಳ ಸುಳ್ಳು ದೂರು, ತಂದೆಯ ಕೋಪ, ಇವನ್ನೆಲ್ಲ ಮದುವೆಯ ಚಪ್ಪರದಲ್ಲಿ ಬಿಚ್ಚಿದರೆ ಬೀಗಿತಿಯವರು ಸೆರಗು ಸರಿಪಡಿಸಿಕೊಳ್ಳತೊಡಗುತ್ತಾರೆ. ಮಾತು ಕೆಟ್ಟಿತೆಂಬುದಕ್ಕೆ ಅದೇ ಗುರುತು.

ಮಾದರಿಗೆಂದು, ಅಂಥ ಅಣ್ಣನೊಬ್ಬ ಆಡಬಹುದಾದ ಮಾತನ್ನು ಇಲ್ಲಿ ಕೊಡುತ್ತೇನೆ. ವರನು ಹೊಳೆಯಾಚೆಯವನೆಂದು ಭಾವಿಸಿಕೊಳ್ಳಿ.

“ಬೀಗರೇ, ಬಂಧುಗಳೇ, ಎಲ್ಲರಿಗಿಂತ ಮೊದಲು ನಮ್ಮ ಭಾವನವರೇ! ನಮ್ಮ ಮನೆಗೆ ನಿಮಗೆ ಸ್ವಾಗತ. ಬಾಗಿಲಿನಲ್ಲಿ ಕಾಲು ತೊಳೆದಾಗ ನೀವು ಅಳಿಯಂದಿರಾದಿರಿ. ಇನ್ನು ನನ್ನ ತಾಯಿ ಬಡಿಸುವಾಗ ದೊಡ್ಡ ಹೋಳಿಗೆ ನಿಮ್ಮ ಎಲೆಗೆ ಬೀಳುವುದು ಖಂಡಿತ. ಇಪ್ಪತ್ತೇಳು ವರ್ಷ ಅದು ನನ್ನ ಎಲೆಗೆ ಬೀಳುತ್ತಿತ್ತು. ಈ ನಷ್ಟವನ್ನು ನಾನು ಮರೆಯಲಾರೆ, ಆದರೆ ಕ್ಷಮಿಸಿದ್ದೇನೆ.

ನನ್ನ ತಂಗಿಯ ವಿಷಯವಾಗಿ ಒಂದು ಗುಟ್ಟು. ಅವಳು ಮಾತನಾಡುತ್ತಿದ್ದರೆ ಹೆದರಬೇಡಿ, ಜಗಳವಾಡಿದರೂ ಹೆದರಬೇಡಿ. ಸುಮ್ಮನಾದಳೆಂದರೆ ಹತ್ತಿರ ಕುಳಿತು ಏನಾಯಿತೆಂದು ಕೇಳಿ. ಇದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ನಿಮಗೆ ಪುಕ್ಕಟೆಯಾಗಿ ಕೊಡುತ್ತಿದ್ದೇನೆ.

ಕುಮಾರರಾಮನು ಪರನಾರಿಯರಿಗೂ ಸೋದರನಾಗಿದ್ದನಂತೆ. ನನಗಿರುವವಳು ಒಬ್ಬಳೇ ತಂಗಿ. ಅವಳೊಬ್ಬಳಿಗಾದರೂ ಸರಿಯಾದ ಅಣ್ಣನಾಗಿರಬೇಕಲ್ಲವೆ? ಹೊಳೆ ಬಂದು ಸೇತುವೆ ಮುಳುಗಿದರೆ ಅಣ್ಣ ಬರಲಾರನೆಂದು ಅವಳು ತಿಳಿಯಬೇಕಾಗಿಲ್ಲ. ಬುಕ್ಕಸಾಗರದ ಸೇತುವೆ ಸುತ್ತಿ ಬರುತ್ತೇನೆ. ನೀವು ಕರೆದರೂ ಬರುತ್ತೇನೆ, ಭಾವನವರೇ. ಅವಳು ನಿಮ್ಮನ್ನು ಗೋಳಾಡಿಸಿದರೆ ದೂರು ಕೊಡಲು ನಿಮಗೂ ಒಬ್ಬರು ಬೇಕು. ಈ ಮನೆಯಲ್ಲಿ ಅವಳ ಕೋಣೆ ಅವಳದೇ, ಅವಳ ಪಾಲು ಅವಳದೇ. ಇದನ್ನು ಎಲ್ಲರೆದುರು ಹೇಳುತ್ತಿದ್ದೇನೆ.”

ವಾಚಕರು ಗಮನಿಸಿರಬಹುದು: ಮೊದಲ ನಗೆ ಬಿದ್ದುದು ಮಾತನಾಡಿದವನ ಮೇಲೆಯೇ. ಹಾಗಾದುದರಿಂದಲೇ ಮುಂದೆ ತಂಗಿಯನ್ನು ತುಸು ಕೆಣಕಿದರೂ ಯಾರಿಗೂ ನೋವಾಗುವುದಿಲ್ಲ. ಆಕೆಯ ಮೈಬಣ್ಣ, ಅಡುಗೆ, ಹಿಂದೆ ಬಂದು ಹೋದ ಸಂಬಂಧಗಳು, ಕೊಟ್ಟು ತಂದ ಲೆಕ್ಕ, ಇವು ನಗೆಯ ವಸ್ತುವಲ್ಲ. ವರನನ್ನು ಗದರಿಸುವುದೂ ಸಲ್ಲದು. “ನನ್ನ ತಂಗಿಯ ಕಣ್ಣಲ್ಲಿ ನೀರು ಬಂದರೆ ನೋಡಿಕೊಳ್ಳುತ್ತೇನೆ” ಎಂದವನ ಮಾತಿಗೆ ಸ್ನೇಹಿತರು ಶಿಳ್ಳೆ ಹಾಕಿಯಾರು; ಆದರೆ ನಾಳೆ ಅತ್ತೆಯ ಮನೆಯಲ್ಲಿ ಆ ಮಾತಿಗೆ ಉತ್ತರ ಕೊಡಬೇಕಾದವಳು ತಂಗಿಯೇ. ಬರುವ ದಾರಿಯನ್ನು ಹೇಳಿದರೆ ಸಾಕು. ಅದರಲ್ಲಿ ಬೆದರಿಕೆಯೂ ಇಲ್ಲ, ಅರ್ಥವೂ ತಪ್ಪುವುದಿಲ್ಲ.

ಕೊನೆಯ ಮಾತಾದ ‘ಪಾಲು’ ಮಾತ್ರ ಬರಿಯ ಅಲಂಕಾರವಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಂತೆಯೇ ಹಕ್ಕುದಾರಳೆಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಆಗ ಅದು ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯಿಸಲಿಲ್ಲ. 2005ರಲ್ಲಿ ಆದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ಅಳಿಸಿತು. ಆದರೆ ನಡೆಯುವುದೇನು? ಮದುವೆಯ ಗಡಿಬಿಡಿಯ ಹಿಂದೆಯೋ ಮುಂದೆಯೋ ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಒಂದು ರೇಷ್ಮೆ ಸೀರೆ ಉಡಿಸಿ ಕಳುಹಿಸುವ ಅಣ್ಣಂದಿರು ಅಪರೂಪವಲ್ಲ. ನೋಂದಣಿಯಾದ ಪತ್ರವನ್ನು ಮುಂದೆ ರದ್ದುಪಡಿಸಬೇಕಾದರೆ ಮೋಸವನ್ನೋ ಒತ್ತಾಯವನ್ನೋ ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕು. ಅಣ್ಣನ ಮೇಲೆ ಹಾಗೆ ಹೋಗುವ ತಂಗಿಯರೆಷ್ಟು ಮಂದಿ? ಅಂಥವನು ವೇದಿಕೆಯೇರಿ ರಕ್ಷಣೆಯ ಮಾತನಾಡಿದರೆ ಸಭೆ ಚಪ್ಪಾಳೆ ತಟ್ಟೀತು. ವಧು ಮಾತ್ರ ನೆಲ ನೋಡುತ್ತಾಳೆ. ಸಹಿ ಕೇಳಿದವನು ಆ ವಾಕ್ಯವನ್ನು ಬಿಟ್ಟು ಹೋಳಿಗೆಯ ಮಾತಿಗೇ ನಿಲ್ಲಿಸುವುದು ಮೇಲು.

ಹೊತ್ತಿನ ವಿಷಯ. ಮೇಲಿನ ಭಾಷಣವನ್ನು ನಿಧಾನವಾಗಿ ಓದಿದರೆ ಎರಡು ನಿಮಿಷ ಹಿಡಿಯುತ್ತದೆ. ನಗೆಗೆ ಬಿಡುವು ಕೊಟ್ಟರೆ ಮೂರು. ಅಷ್ಟರೊಳಗೆ ಮುಗಿಸಬೇಕು, ಏಕೆಂದರೆ ಊಟದ ಪಂಕ್ತಿಗೆ ಆಗಲೇ ಎಲೆ ಹಾಕಿರುತ್ತಾರೆ.