ಕಾಗೆ ಹಾಕಿದ ಕಲ್ಲೆಷ್ಟು?

ಬಾಯಾರಿದ ಕಾಗೆ ಮಡಕೆಗೆ ಕಲ್ಲು ಹಾಕಿ ನೀರನ್ನು ಮೇಲೆ ತಂದ ಈಸೋಪನ ಕಥೆ ಐದು ವರ್ಷದ ಮಕ್ಕಳ ಎಣಿಕೆಗೆ ಹೇಳಿ ಮಾಡಿಸಿದಂತಿದೆ. ಒಂದು ಕಲ್ಲು ಬಿದ್ದರೆ ನೀರು ಒಂಚೂರು ಏರುತ್ತದೆ, ಮತ್ತೊಂದು ಬಿದ್ದರೆ ಮತ್ತೊಂಚೂರು. ಸಂಖ್ಯೆ ಬೆಳೆಯುವುದು ಕಣ್ಣಿಗೇ ಕಾಣುತ್ತದೆ. ಇದು ನಿಜವೇ ಎಂದು ಮಕ್ಕಳು ಕೇಳಿದರೆ ಹೌದೆನ್ನಬಹುದು: ಕಾಗೆಯ ಬಳಗಕ್ಕೆ ಸೇರಿದ ರೂಕ್ ಹಕ್ಕಿಗಳು ಕಲ್ಲು ಹಾಕಿ ನೀರೇರಿಸಿ, ತೇಲುತ್ತಿದ್ದ ಹುಳುವನ್ನು ಹಿಡಿದದ್ದನ್ನು ಇಂಗ್ಲೆಂಡಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದರು.

ಈ ವಯಸ್ಸಿನ ಬಹಳಷ್ಟು ಮಕ್ಕಳು ಒಂದರಿಂದ ಹತ್ತರವರೆಗೆ ಒಪ್ಪಿಸಬಲ್ಲರು. ಆದರೆ ಬಾಯಿಪಾಠವೇ ಎಣಿಕೆಯಲ್ಲ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಎಂಬುದೂ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬುದೂ ಮಗುವಿಗೆ ಹೊಳೆಯಬೇಕು. ಐದು ಕಲ್ಲು ಎಣಿಸಿದ ಮಗುವನ್ನು "ಒಟ್ಟು ಎಷ್ಟು?" ಎಂದು ಕೇಳಿದಾಗ ಅದು ಪುನಃ ಒಂದರಿಂದ ಶುರು ಮಾಡಿದರೆ, ಎರಡನೆಯದು ಇನ್ನೂ ಮನಸ್ಸಿಗೆ ಇಳಿದಿಲ್ಲ.

ಕಥೆಯಲ್ಲಿ ಮತ್ತೆ ಮತ್ತೆ ಬರುವ ಸಾಲನ್ನು ಇದಕ್ಕೆ ತಕ್ಕಂತೆ ಕಟ್ಟಬೇಕು:

"ಕಾಗೆ ಇನ್ನೊಂದು ಕಲ್ಲು ಹಾಕಿತು, ಡುಬುಕ್!
ಮಡಕೆಯಲ್ಲೀಗ ಮೂರು ಕಲ್ಲು.
ನೀರು ಎಟುಕಿತೇ? ಇಲ್ಲ, ಎಟುಕಲಿಲ್ಲ."

ಮುಂದಿನ ಸಲ ಮೂರು ನಾಲ್ಕಾಗುತ್ತದೆ, ಉಳಿದದ್ದೆಲ್ಲ ಹಾಗೆಯೇ. "ಮೂರನೇ ಕಲ್ಲು ಹಾಕಿತು" ಎಂದರೆ ಅದು ಆ ಒಂದು ಕಲ್ಲಿನ ಸರದಿ ಮಾತ್ರ. "ಈಗ ಮೂರು ಕಲ್ಲು" ಎಂದಾಗ ಮೊತ್ತ ಕಿವಿಗೆ ಬೀಳುತ್ತದೆ. ಡುಬುಕ್ ಎಂಬ ಸದ್ದೂ ಬರೀ ಮೋಜಿಗಲ್ಲ. ಕಲ್ಲು ಬೀಳುವ ಮೊದಲೇ "ನಾಲ್ಕು, ಐದು, ಆರು" ಎಂದು ಓಡುವ ಮಗುವನ್ನು ಅದು ತಡೆದು ನಿಲ್ಲಿಸುತ್ತದೆ. ನಾಲ್ಕೈದು ಕಲ್ಲಾದ ಮೇಲೆ ಕಥೆ ಹೇಳುವವರು ಸಂಖ್ಯೆ ಬರುವ ಜಾಗದಲ್ಲಿ ಸುಮ್ಮನಿದ್ದರೆ ಮಕ್ಕಳೇ ಅದನ್ನು ತುಂಬುತ್ತಾರೆ. ಹತ್ತನೆಯದಕ್ಕೆ "ಹೌದು, ಎಟುಕಿತು!" ಎಂದು ಕಥೆ ಮುಗಿಯಬೇಕು.

ಮಾಡಿ ತೋರಿಸಲು ಗಾಜಿನ ಲೋಟವೇ ಬೇಕು, ಸ್ಟೀಲಿನದರಲ್ಲಿ ನೀರೇರುವುದು ಕಾಣದು. ಸುಮಾರು 6 ಸೆಂಟಿಮೀಟರ್ ಅಗಲದ ಲೋಟದಲ್ಲಿ ದೊಡ್ಡ ಗೋಲಿಯಷ್ಟಿರುವ ಒಂದೊಂದು ಕಲ್ಲಿಗೂ ನೀರು ಹತ್ತಿರ ಹತ್ತಿರ 3 ಮಿಲಿಮೀಟರ್ ಏರುತ್ತದೆ, ಹತ್ತು ಕಲ್ಲಿಗೆ ಸುಮಾರು 3 ಸೆಂಟಿಮೀಟರ್. ಅದಕ್ಕೆ ತಕ್ಕಷ್ಟೇ ಜಾಗ ಮೇಲೆ ಬಿಡಬೇಕು. ಅನೇಕರು ಎಡವುವುದು ಇಲ್ಲಿಯೇ. ಲೋಟದಲ್ಲಿ ಕಾಲು ಭಾಗ ನೀರಷ್ಟೇ ಇದ್ದರೆ ಅದು ಕಲ್ಲುಗಳ ಸಂದಿಯಲ್ಲೇ ಉಳಿಯುತ್ತದೆ. ಕಲ್ಲು ಬಾಯಿವರೆಗೆ ತುಂಬಿದರೂ ಕಾಗೆಗೆ ನೀರು ಸಿಗುವುದಿಲ್ಲ.

ಕಥೆ ಮುಗಿದ ಮೇಲೆ ಕಲ್ಲುಗಳನ್ನು ಮಗುವಿನ ಮುಂದೆ ಸುರಿದು, "ಕಾಗೆಗೆ ನಾಲ್ಕು ಕಲ್ಲು ಕೊಡು" ಎನ್ನಬೇಕು. ಸಿಕ್ಕಷ್ಟು ಬಾಚಿ ಕೊಟ್ಟರೆ ಇನ್ನೊಮ್ಮೆ ಕಥೆ ಹೇಳಬೇಕು. ನಾಲ್ಕು ಎಣಿಸಿ ಅಲ್ಲಿಗೇ ಕೈ ನಿಲ್ಲಿಸಿದರೆ ಆ ಮಗುವಿಗೆ ನಾಲ್ಕು ಗೊತ್ತು.